ಐವತ್ತೆರಡು ನಿಮಿಷ ತೆರೆದಿದ್ದ ಅಡುಗೆಮನೆ

ಆಕೆಯನ್ನು ಎಲ್ಲರೂ ಸೂಜಿ ಎಂದೇ ಕರೆಯುತ್ತಿದ್ದರು. ಬಟ್ಟೆ ರಿಪೇರಿ ಅಂಗಡಿಯಲ್ಲಿ ದಿನವಿಡೀ ಪ್ಯಾಂಟಿನ ಕಾಲು ಮೊಟಕು ಮಾಡುವುದು, ಕಿತ್ತ ಜಿಪ್ಪು ಬದಲಾಯಿಸುವುದು ಅವಳ ಕೆಲಸ. ಹೆಸರು ಬಂದದ್ದು ಅದರಿಂದಲೋ ಅಥವಾ ಅವಳ ಮಾತಿನ ಮೊನೆಯಿಂದಲೋ ಎಂದು ಕೇಳಿದರೆ ಅವಳ ಭಾವ ಬರೀ ನಗುತ್ತಿದ್ದ. ಭಾವ ಅಂದರೆ ಅಕ್ಕನ ಗಂಡ, ಲಿಫ್ಟ್ ರಿಪೇರಿ ಮಾಡುವವನು. ಊರಿಗೆ ಹೊಸದಾಗಿ ಬಂದು ಸೇರಿದ ಸ್ಪ್ಯಾನಿಶ್ ಮಾತಿನ ಜನಕ್ಕೆಲ್ಲ ಆ್ಯಪ್‌ನಲ್ಲಿ ಒಟ್ಟಾಗಿ ಮಾತಾಡಲು ಒಂದು ಚಾಟ್ ಸರ್ವರ್ ಮಾಡಿಕೊಟ್ಟ ಪುಣ್ಯಾತ್ಮ ಅವನೇ.

ಶುರುವಿನಲ್ಲಿ ಇಪ್ಪತ್ತು ಜನ ಇದ್ದರು. ಈಗ ಮೂರು ಸಾವಿರದ ಚಿಲ್ಲರೆ. ಬಾಡಿಗೆ ರೂಮು ಎಲ್ಲಿದೆ, ಯಾವ ಕಚೇರಿಯಲ್ಲಿ ಯಾವ ಅರ್ಜಿ, ಯಾವ ಮಾಲೀಕ ಸಂಬಳ ಎಳೆದಾಡುತ್ತಾನೆ ಎಂಬುದೆಲ್ಲ ಅಲ್ಲೇ. ಒಂದೊಂದು ವಿಷಯಕ್ಕೆ ಒಂದೊಂದು ಚಾನೆಲ್. ಮನೆಯಲ್ಲಿ ಕೋಣೆಗಳಿದ್ದ ಹಾಗೆ ಅಂದುಕೊಳ್ಳಿ. ಯಾವ ಕೋಣೆಗೆ ಯಾರು ಹೋಗಬಹುದು, ಯಾರು ಬರೀ ಕೇಳಿಸಿಕೊಳ್ಳಬಹುದು, ಯಾರು ಮಾತಾಡಬಹುದು ಎಂಬುದನ್ನೆಲ್ಲ ಸೆಟ್ಟಿಂಗ್ಸ್ ಪುಟದಲ್ಲಿ ಗುರುತು ಹಾಕಿಡಬೇಕು. ಜನರಿಗೆ ರೋಲ್ ಕೊಡುತ್ತಾರೆ. ರೋಲ್‌ಗೆ ಅನುಮತಿ ಕೊಡುತ್ತಾರೆ. ಸೂಜಿಯ ರೋಲ್ 'ಮೊದೆರಾದೋರಾ'. ಅಂದರೆ ಬೈದಾಡುವವರ ಬಾಯಿ ಮುಚ್ಚಿಸುವವಳು, ಕೊಳಕು ಸಂದೇಶ ಅಳಿಸುವವಳು, ಮೂರು ಸಾವಿರ ಜನರ ಜಗಳಕ್ಕೆ ಸಂಬಳವಿಲ್ಲದ ಪಂಚಾಯಿತಿ ಮಾಡುವವಳು.

ಆ ಭಾನುವಾರ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಅಂಗಡಿಗೆ ರಜೆ. ಮನೆಯಲ್ಲಿ ಅಕ್ಕನ ಮಕ್ಕಳ ಗಲಾಟೆ ತಡೆಯಲಾರದೆ ಲ್ಯಾಪ್‌ಟಾಪ್ ಹೊತ್ತುಕೊಂಡು ಇಲ್ಲಿಗೆ ಬಂದಿದ್ದಳು. ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದ ಪುಡಿ, ಗೋಡೆಗೆ ಒರಗಿದ ಇಸ್ತ್ರಿ ಹಲಗೆ, ಅರ್ಧ ಹೊಲಿದ ಕೋಟು. ಭಾವ ಬೆಳಿಗ್ಗೆಯೇ ಒಂದು ಪಟ್ಟಿ ಕಳಿಸಿದ್ದ.

"ಸೂಜಿ, ನಲವತ್ತೊಂದು ಚಾನೆಲ್ ಆಗಿದೆ. ಹೊಸಬರು ಬಂದ್ರೆ ದಾರಿ ತಪ್ಪಿ ಅಳೋ ಹಾಗಿದೆ. ಗುಂಪು ಮಾಡಿಡು. ಪಟ್ಟಿ ಹಾಕಿದ್ದೀನಿ, ಹಾಗೇ ಜೋಡಿಸು."

"ಭಾವ, ನೀವು ಲಿಫ್ಟ್ ಒಂದು ನೆಟ್ಟಗೆ ಜೋಡಿಸ್ತೀರಿ, ಬೇರೆ ಯಾವ್ದೂ ಅಲ್ಲ. ಈ ಪಟ್ಟಿ ನೋಡಿದ್ರೇ ಗೊತ್ತಾಗುತ್ತೆ."

"ಅದಕ್ಕೇ ನಿನಗೆ ಹೇಳಿದ್ದು, ಮಾರಾಯ್ತಿ."

ಕೆಲಸ ಕಷ್ಟದ್ದೇನಲ್ಲ. ಚಾನೆಲ್ಲನ್ನು ಎಳೆದು ಗುಂಪಿನೊಳಗೆ ಬಿಡಬೇಕು. ಬಿಟ್ಟ ಕೂಡಲೇ ಒಂದು ಪ್ರಶ್ನೆ ಬರುತ್ತದೆ: ಈ ಚಾನೆಲ್ಲಿನ ಈಗಿರುವ ಅನುಮತಿಗಳನ್ನೇ ಉಳಿಸಲೇ, ಅಥವಾ ಗುಂಪಿನ ಅನುಮತಿಗಳಿಗೆ ಹೊಂದಿಸಲೇ? ರೂಮು, ಕೆಲಸ, ಸೈಕಲ್, ಹಳೇ ಫರ್ನಿಚರ್ ಎಲ್ಲ ಎಲ್ಲರಿಗೂ ತೆರೆದ ಚಾನೆಲ್ಲುಗಳು. ಸೂಜಿ 'ಹೊಂದಿಸು' ಒತ್ತಿದಳು. ಮತ್ತೊಂದಕ್ಕೂ 'ಹೊಂದಿಸು'. ಹನ್ನೊಂದು ಸಲ ಒತ್ತಿದ ಮೇಲೆ ಬೆರಳು ತಾನಾಗಿಯೇ ಆ ಗುಂಡಿಯ ಮೇಲೆ ಹೋಗಿ ಕೂರುತ್ತಿತ್ತು.

ಹನ್ನೆರಡನೆಯದು 'ಕೊಸೀನಾ', ಅಂದರೆ ಅಡುಗೆಮನೆ.

ಅಡುಗೆಮನೆ ಎಂಬ ಹೆಸರು ಇಟ್ಟವಳು ಸೂಜಿಯೇ. ಅಲ್ಲಿ ಅಡುಗೆಯ ಮಾತು ಒಂದೂ ಇರಲಿಲ್ಲ. ಗಂಡನಿಂದಲೋ ಮಾಲೀಕನಿಂದಲೋ ತಪ್ಪಿಸಿಕೊಂಡು ಬಂದ ಹದಿನಾಲ್ಕು ಹೆಂಗಸರು ಅಲ್ಲಿದ್ದರು. ಯಾರಾದರೂ ಹಿಂದಿನಿಂದ ಬಗ್ಗಿ ಫೋನು ನೋಡಿದರೆ ಅನುಮಾನ ಬರಬಾರದೆಂದು ಆ ಹೆಸರು. ಅವರಿಗೆಂದೇ ಬೇರೆ ಒಂದು ರೋಲ್ ಮಾಡಿ, ಆ ರೋಲ್ ಇದ್ದವರಿಗೆ ಮಾತ್ರ ಕಾಣುವಂತೆ, ಉಳಿದ ಮೂರು ಸಾವಿರ ಜನರ ಪಾಲಿಗೆ ಆ ಚಾನೆಲ್ ಇಲ್ಲವೇ ಇಲ್ಲ ಎನ್ನುವಂತೆ ಬೀಗ ಹಾಕಿದ್ದಳು. ಭಾವ ಸರ್ವರಿನ ಮಾಲೀಕನಾದ್ದರಿಂದ ಅವನಿಗೆ ಕಾಣುತ್ತಿತ್ತು, ಆದರೆ ಅವನು ಮರ್ಯಾದಸ್ಥ, ಒಳಗೆ ಇಣುಕಿದವನಲ್ಲ. ಇಣುಕಿದ್ದರೆ ಅದನ್ನು ತನ್ನ ಪಟ್ಟಿಯಲ್ಲಿ ಅಡುಗೆ ರೆಸಿಪಿಗಳ ಪಕ್ಕ, ಎಲ್ಲರೂ ಓಡಾಡುವ 'ಸಮುದಾಯ' ಗುಂಪಿಗೆ ಸೇರಿಸುತ್ತಿರಲಿಲ್ಲ.

ಸೂಜಿಗಂತೂ ಗೊತ್ತಿತ್ತು. ಗೊತ್ತಿದ್ದೂ ಅವಳ ಕಣ್ಣು ಪಟ್ಟಿಯ ಮೇಲಿತ್ತು, ಬೆರಳು ಗುಂಡಿಯ ಮೇಲಿತ್ತು. ಎಳೆದಳು, ಬಿಟ್ಟಳು, 'ಹೊಂದಿಸು' ಒತ್ತಿದಳು. ಆಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಬೀಗ ಕಳಚಿಬಿತ್ತು.

ಎಲ್ಲ ಮುಗಿದ ಮೇಲೆ ಅವಳು ಒಮ್ಮೆ ಮೇಲಿಂದ ಕೆಳಗೆ ನೋಡಿದಳು ಕೂಡ. ಎಲ್ಲ ಸರಿಯಾಗಿಯೇ ಕಂಡಿತು. ಯಾಕೆ ಕಾಣಬಾರದು? ಅಡುಗೆಮನೆ ಅವಳಿಗೆ ಮೊದಲೂ ಕಾಣುತ್ತಿತ್ತು, ಈಗಲೂ ಕಾಣುತ್ತಿತ್ತು. ಹೆಸರಿನ ಪಕ್ಕದ ಆ ಪುಟ್ಟ ಬೀಗದ ಚಿತ್ರ ಮಾಯವಾಗಿತ್ತು ಅಷ್ಟೇ. ಜೋಳದ ಕಾಳಿಗಿಂತ ಚಿಕ್ಕದು. ಬೇರೆ ರೋಲಿನವರ ಕಣ್ಣಿನಿಂದ ಸರ್ವರ್ ಹೇಗೆ ಕಾಣುತ್ತದೆಂದು ನೋಡುವ ಸೌಲಭ್ಯ ಅದೇ ಸೆಟ್ಟಿಂಗ್ಸಿನಲ್ಲಿದೆ. ಹೊಸ ಮಾಡರೇಟರುಗಳಿಗೆ ಅದನ್ನು ಮೊದಲ ದಿನವೇ ಕಲಿಸಿಕೊಡುತ್ತಿದ್ದವಳು ಇವಳೇ. ಅವತ್ತು ನೋಡಲಿಲ್ಲ. ಎದ್ದು ಕಾಫಿ ಮಾಡಿಕೊಂಡಳು, ಕೋಟಿನ ತೋಳಿಗೆ ಅಸ್ತರಿ ಹಚ್ಚತೊಡಗಿದಳು. ಒಂದು ಕೆಲಸ ಮುಗಿಯಿತಲ್ಲ ಎಂಬ ನೆಮ್ಮದಿ ಬೇರೆ.

ಮೂರು ಗಂಟೆ ಎರಡು ನಿಮಿಷಕ್ಕೆ ಲ್ಯಾಪ್‌ಟಾಪ್ ಟಿಂಗ್ ಎಂದಿತು. ಅಡುಗೆಮನೆಯಲ್ಲಿ ಹೊಸ ಸಂದೇಶ. ಬರೆದವನು ಸೈಕಲ್ ಅಂಗಡಿಯವನು.

"ನಮಸ್ಕಾರ, ನಮ್ಮನೆ ಓವನ್ ಬಿಸೀನೇ ಆಗ್ತಾ ಇಲ್ಲ. ಇಲ್ಲಿ ಕೇಳಬಹುದಾ? ಹೊಸ ಚಾನೆಲ್ಲಾ ಇದು?"

ಗಂಡಸು. ಅಡುಗೆಮನೆಯಲ್ಲಿ. ಒಂದು ಕ್ಷಣ ಸೂಜಿಗೆ ಏನೂ ಅರ್ಥವಾಗಲಿಲ್ಲ, ಮರುಕ್ಷಣ ಎಲ್ಲ ಅರ್ಥವಾಯಿತು. ಚಾನೆಲ್ಲಿನ ಅನುಮತಿಗಳ ಪುಟ ತೆರೆದಳು. ಮೊದಲು ಹೆಂಗಸರ ರೋಲ್ ಸೇರಿಸಿ, ಆಮೇಲೆ 'ಖಾಸಗಿ ಚಾನೆಲ್' ಎಂಬುದನ್ನು ಒತ್ತಿದಳು. ಉಳಿಸಿದಳು. ಬೀಗದ ಚಿತ್ರ ಮತ್ತೆ ಬಂತು. ಎಲ್ಲಾ ಸೇರಿ ಒಂದೂವರೆ ನಿಮಿಷ ಹಿಡಿಯಲಿಲ್ಲ. ಸೈಕಲ್ ಅಂಗಡಿಯವನ ಪಾಲಿಗೆ ಆ ಕೋಣೆ ಕಣ್ಣೆದುರೇ ಮಾಯವಾಗಿರಬೇಕು.

ಐವತ್ತೆರಡು ನಿಮಿಷ. ಅಷ್ಟು ಹೊತ್ತು ಅದು ಬಾಗಿಲು ಹಾರುಹೊಡೆದ ಕೋಣೆ. ಹಳೆಯ ಸಂದೇಶ ಓದುವ ಅನುಮತಿ ಎಲ್ಲರಿಗೂ ಇದ್ದ ಗುಂಪು ಅದು. ಹಾಗಾಗಿ ಒಳಗೆ ಬಂದವನಿಗೆ ಇವತ್ತಿನದಷ್ಟೇ ಅಲ್ಲ, ವರ್ಷದ ಹಿಂದಿನದೂ ಓದಲು ಸಿಗುತ್ತಿತ್ತು. ಸೂಜಿ ಸಂದೇಶಗಳನ್ನು ಮೇಲಕ್ಕೆ ಸರಿಸಿದಳು. ಹದಿನಾಲ್ಕು ಜನರಲ್ಲಿ ಒಬ್ಬಳಾದ ಬೇಕರಿಯಾಕೆ ಶುಕ್ರವಾರ ಸಂಜೆ ಬರೆದದ್ದು ಅಲ್ಲೇ ಇತ್ತು.

"ಅಕ್ಕತಂಗಿಯರೇ, ಕೆಲಸ ಸಿಕ್ತು. ಹಳೇ ನೀರಿನ ಟ್ಯಾಂಕ್ ಪಕ್ಕದ ಬೇಕರಿ. ಬೆಳಗಿನ ಐದಕ್ಕೆ ಹಿಂದಿನ ಗೇಟಿಂದ ಒಳಗೆ ಹೋಗ್ತೀನಿ. ರೂಮೂ ಹತ್ತಿರಾನೇ, ಬೇಕರಿ ಹಿಂದಿನ ಓಣಿಯಲ್ಲಿ, ಲಾಂಡ್ರಿ ಮೇಲೆ, ಮೂರನೇ ಮಹಡಿ. ಆ ಹೊತ್ತಿಗೆ ಆ ಕಡೆ ನಡೆದು ಹೋಗೋರು ಯಾರಾದ್ರೂ ಇದ್ದೀರಾ? ಒಬ್ಬಳೇ ಹೋಗೋಕೆ ಭಯ."

ಭಯ ಯಾರದೆಂದು ಅಡುಗೆಮನೆಯ ಹದಿನಾಲ್ಕು ಜನಕ್ಕೂ ಗೊತ್ತಿತ್ತು. ಗಂಡ ಪೇಂಟರ್. ಅವಳ ಎಡ ಮಣಿಕಟ್ಟು ಮುರಿದವನು ಅವನೇ. ಈಗಲೂ ಆ ಕೈಯಲ್ಲಿ ಬಾಗಿಲ ಹಿಡಿ ತಿರುಗಿಸಲು ಅವಳಿಗೆ ಆಗುವುದಿಲ್ಲ. ಮೊದಲ ಸಲ ಓಡಿಬಂದು ರೂಮು ಮಾಡಿದಾಗ ಮೂರೇ ವಾರಕ್ಕೆ ಹುಡುಕಿ ಬಂದಿದ್ದ. ಬಂದು ಏನೂ ಮಾಡಲಿಲ್ಲ. ಎದುರಿನ ಗೋಡೆಗೆ ಒರಗಿ ಅವಳ ಕಿಟಕಿ ನೋಡುತ್ತಾ ನಿಂತಿದ್ದ, ಮೂರು ದಿನ. ಪೊಲೀಸರು "ನಿಂತಿದ್ದಾನಷ್ಟೇ ಅಲ್ವಾ" ಎಂದಿದ್ದರು.

ಆ ಪೇಂಟರ್ ಇದೇ ಸರ್ವರಿನಲ್ಲಿದ್ದ. ಬರೀ ಇರಲಿಲ್ಲ, ದೊಡ್ಡ ಮನುಷ್ಯನಾಗಿದ್ದ. ಮೊದಲ ಇಪ್ಪತ್ತು ಜನರಲ್ಲಿ ಒಬ್ಬ. ಹೊಸಬರಿಗೆ ರೂಮು ತೋರಿಸುವುದು, ಗೋಡೆಯ ತೇವಕ್ಕೆ ಏನು ಹಚ್ಚಬೇಕೆಂದು ಹೇಳುವುದು, ಎಲ್ಲರಿಗೂ ಅಣ್ಣಾ ಅಕ್ಕಾ ಅನ್ನುವುದು. ಸೂಜಿ ಎರಡು ಸಲ ಅವನನ್ನು ತೆಗೆದುಹಾಕೋಣ ಎಂದಿದ್ದಳು. ಬೇಡವೆಂದವಳು ಬೇಕರಿಯಾಕೆಯೇ. "ತೆಗೆದ್ರೆ ನಾನು ಇಲ್ಲಿದ್ದೀನಿ, ನನಗೆ ಜನ ಇದ್ದಾರೆ ಅಂತ ಅವನಿಗೆ ಗೊತ್ತಾಗುತ್ತೆ. ಕಣ್ಣೆದುರಿಗೇ ಇರ್ಲಿ ಬಿಡು," ಎಂದಿದ್ದಳು. ಅವಳು ಬೇರೆ ಹೆಸರಿನಲ್ಲಿ, ಒಂದು ಹಕ್ಕಿಯ ಚಿತ್ರ ಹಾಕಿಕೊಂಡು ಇದ್ದಳು. ಆದರೆ ಶುಕ್ರವಾರದ ಸಂದೇಶದ ಕೆಳಗೆ ಯಾರೋ "ಮಣಿಕಟ್ಟು ಹೇಗಿದೆ ಈಗ? ಹಿಟ್ಟು ನಾದಬೇಡ" ಎಂದು ಕಾಳಜಿಯಿಂದ ಕೇಳಿದ್ದರು. ಮುರಿದವನಿಗೆ ಅಷ್ಟು ಸಾಕು.

ಸದಸ್ಯರ ಪಟ್ಟಿ ನೋಡಿದಳು. ಪೇಂಟರ್ ಹೆಸರಿನ ಪಕ್ಕ ಹಸಿರು ಚುಕ್ಕಿ. ಆ್ಯಪ್ ತೆರೆದಿದೆ ಎಂದಷ್ಟೇ ಅದರ ಅರ್ಥ. ಫೋನ್ ಜೇಬಿನಲ್ಲಿರಬಹುದು, ಕಂಪ್ಯೂಟರ್ ಹಾಕಿಟ್ಟು ಮಲಗಿರಬಹುದು, ಇಲ್ಲವೇ ಕೂತು ಒಂದೊಂದೇ ಸಾಲು ಓದಿರಬಹುದು.

ತಲೆ ಕೆಟ್ಟವಳಂತೆ ಅವನ ಹೆಸರಿನ ಮೇಲೆ ಒತ್ತಿದಳು. ಬೇರೆ ಯಾರ ಹೆಸರು ಒತ್ತಿದರೂ ಮೂರು ಸಾಲು ಬರುತ್ತಿತ್ತು: ಸ್ವಲ್ಪ ಹೊತ್ತು ಬಾಯಿ ಮುಚ್ಚಿಸು, ಹೊರಗೆ ಹಾಕು, ಶಾಶ್ವತವಾಗಿ ನಿಷೇಧಿಸು. ಇವನಿಗೆ ಆ ಮೂರೂ ಬರಲಿಲ್ಲ. ಭಾವನ ಇನ್ನೊಂದು ಪುಣ್ಯದ ಕೆಲಸ ಇದು. ಮೊದಲ ಇಪ್ಪತ್ತು ಜನರಿಗೆ ಗೌರವಕ್ಕೆಂದು 'ಸ್ಥಾಪಕರು' ಎಂಬ ರೋಲ್ ಮಾಡಿದ್ದ. ಅಧಿಕಾರ ಏನೂ ಇಲ್ಲ, ಹೆಸರಿಗೆ ಚಿನ್ನದ ಬಣ್ಣ ಅಷ್ಟೇ. ಆದರೆ ಬಣ್ಣ ಎದ್ದು ಕಾಣಲೆಂದು ಆ ರೋಲನ್ನು ಪಟ್ಟಿಯ ತುತ್ತತುದಿಗೆ, ಮಾಡರೇಟರುಗಳಿಗಿಂತ ಮೇಲೆ ಎಳೆದಿಟ್ಟಿದ್ದ. ತನಗಿಂತ ಮೇಲಿನ ರೋಲ್ ಇರುವವನನ್ನು ಮಾಡರೇಟರ್ ಮುಟ್ಟುವಂತಿಲ್ಲ, ಆ ರೋಲನ್ನು ಕೆಳಗೆ ಎಳೆಯುವಂತೆಯೂ ಇಲ್ಲ. ಮುಟ್ಟಬಲ್ಲವನು ಮಾಲೀಕನೊಬ್ಬನೇ. ಸೂಜಿ ಭಾವನಿಗೆ ಫೋನ್ ಹಚ್ಚಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ. ಯಾವುದೋ ಕಟ್ಟಡದ ಲಿಫ್ಟಿನ ತಳದ ಹೊಂಡದಲ್ಲಿ ಇಳಿದು ಕೂತಿದ್ದಾನೆ ಮಹಾನುಭಾವ.

ಬಣ್ಣಕ್ಕೋಸ್ಕರ! ಅವಳಿಗೆ ಕಿರುಚಬೇಕೆನಿಸಿತು. ಆದರೆ ಭಾವನನ್ನು ಬೈದು ಏನು ಬಂತು? ಗುಂಡಿ ಒತ್ತಿದ್ದು ತನ್ನ ಬೆರಳು. ಅಲ್ಲದೆ ಈಗ ಅವನನ್ನು ಹೊರಗೆ ಹಾಕಿದರೆ ಮುಂದಿನದು ಕಾಣದಿರಬಹುದು, ಓದಿದ್ದು ತಲೆಯಿಂದ ಅಳಿಯುತ್ತದೆಯೇ? ಶುಕ್ರವಾರದ ಸಂದೇಶವನ್ನು ಅಳಿಸಿದಳು. ಅದಕ್ಕೆ ಬಂದ ಉತ್ತರಗಳನ್ನೂ ಒಂದೊಂದಾಗಿ ಅಳಿಸಿದಳು. ಅಳಿಸುತ್ತಿರುವಾಗಲೇ ಗೊತ್ತಿತ್ತು, ಇದು ಕಳ್ಳ ಹೋದ ಮೇಲೆ ಕಸ ಗುಡಿಸಿದ ಹಾಗೆ.

ಕೊನೆಗೆ ದಾಖಲೆಯ ಪುಟ ತೆರೆದಳು. ಸರ್ವರಿನಲ್ಲಿ ಯಾರು ಏನು ಬದಲಾಯಿಸಿದರೂ ಅಲ್ಲಿ ಬರೆದಿರುತ್ತದೆ: ಹೆಸರು, ಹೊತ್ತು, ಏನು ಮಾಡಿದರು. ಇತ್ತು. 'ಕೊಸೀನಾ' ಚಾನೆಲ್ಲಿನ ಅನುಮತಿ ತೆಗೆದವಳು ಸೂಜಿ. ಮತ್ತೆ ಹಾಕಿದವಳು ಸೂಜಿ. ಸಂದೇಶ ಅಳಿಸಿದವಳು ಸೂಜಿ. ಪುಟದ ತುಂಬ ಸೂಜಿಯೇ. ಯಾರು ಬಂದರು, ಯಾರು ಓದಿದರು ಎಂಬುದು ಎಲ್ಲಿಯೂ ಇಲ್ಲ. ಯಾವ ಪುಟದಲ್ಲೂ ಇಲ್ಲ. ಓದಿದವರ ಲೆಕ್ಕ ಇಡುವ ಅಭ್ಯಾಸವೇ ಆ ಆ್ಯಪ್‌ಗಿಲ್ಲ. ಅವಳಿಗೆ ಅದು ಮೊದಲಿಂದಲೂ ಗೊತ್ತಿತ್ತು. ಆದರೂ ಇಡೀ ಸೆಟ್ಟಿಂಗ್ಸನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದಳು, ಕಳೆದುಹೋದ ಗುಂಡಿಯನ್ನು ನೆಲದ ಮೇಲೆ ಹುಡುಕಿದಂತೆ.

ನಾಲ್ಕು ಗಂಟೆಗೆ ಬೇಕರಿಯಾಕೆಯ ರೂಮಿನ ಬಾಗಿಲು ತಟ್ಟಿದಳು. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಕೆಳಗಿನ ಲಾಂಡ್ರಿಯ ಬಿಸಿ ಗಾಳಿ, ಸಾಬೂನಿನ ವಾಸನೆ ಮೆಟ್ಟಿಲುದ್ದಕ್ಕೂ ಇತ್ತು. ರೂಮಿನಲ್ಲಿ ಒಂದು ಮಂಚ, ಒಂದು ಕುರ್ಚಿ. ಕಿಟಕಿಗೆ ಹೊಸ ಪರದೆ; ಅದನ್ನು ಸೂಜಿಯೇ ಹೊಲಿದು ಕೊಟ್ಟಿದ್ದಳು. ಬೇಕರಿಯಾಕೆ ವಯಸ್ಸಿನಲ್ಲಿ ಐದಾರು ವರ್ಷ ದೊಡ್ಡವಳು. ಮುಖ ನೋಡಿದ ಕೂಡಲೇ ಕೇಳಿದಳು.

"ಏನಾಯ್ತೇ? ಯಾಕೆ ಹೀಗಿದ್ದೀಯಾ?"

ಸೂಜಿ ನಿಂತಲ್ಲೇ ಎಲ್ಲ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಬೇಕರಿಯಾಕೆ ಬೈಯಲಿಲ್ಲ, ಅಳಲಿಲ್ಲ. ಮಂಚದ ಮೇಲೆ ಕೂತು, ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಒಂದೇ ಕೇಳಿದಳು.

"ಅವನು ಓದಿದ್ನಾ?"

"ಗೊತ್ತಿಲ್ಲ ಅಕ್ಕ."

"ನೀನು ಮಾಡರೇಟರ್ ಅಲ್ವೇನೇ? ನೋಡೋಕಾಗಲ್ವಾ?"

"ಆಗಲ್ಲ. ಯಾರು ಏನು ಮಾಡಿದ್ರು ಅಂತ ಗೊತ್ತಾಗುತ್ತೆ. ಯಾರು ನೋಡಿದ್ರು ಅಂತ ಗೊತ್ತಾಗಲ್ಲ."

"ನಿಮ್ಮ ಭಾವನಿಗೆ?"

"ಅವರಿಗೂ ಆಗಲ್ಲ. ಯಾರಿಗೂ ಆಗಲ್ಲ."

"ಮೂರು ಸಾವಿರ ಜನ ಇದ್ದಾರೆ. ಅವನೊಬ್ಬನೇ ಯಾಕೆ ನೋಡ್ತಾನೆ? ಭಾನುವಾರ ಮಧ್ಯಾಹ್ನ ಅವನು ಮಲಗ್ತಾನೆ, ಕುಡ್ಕೊಂಡು ಮಲಗ್ತಾನೆ," ಎಂದಳು ಬೇಕರಿಯಾಕೆ. ಸೂಜಿಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. "ನೋಡಿರಲ್ಲ ಅಲ್ವಾ?"

ಹೌದು ಅನ್ನಬೇಕೆಂದು ಸೂಜಿಯ ಜೀವ ಹಾತೊರೆಯಿತು. ಬಾಯಿ ತೆರೆದಳು. ಬರೀ ತಲೆ ಅಲ್ಲಾಡಿಸಿದಳು, ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ.

ಅಷ್ಟರಲ್ಲಿ ಭಾವನ ಫೋನ್ ಬಂತು. ಹೊಂಡದಿಂದ ಮೇಲೆ ಬಂದು ಹದಿನೇಳು ಮಿಸ್ಡ್ ಕಾಲ್ ನೋಡಿ ಗಾಬರಿಯಾಗಿದ್ದ.

"ಈಗಲೇ ಅವನನ್ನ ಬ್ಯಾನ್ ಮಾಡ್ತೀನಿ. ನನ್ನ ಕೈಲಿದೆ," ಎಂದ ವಿಷಯ ಕೇಳಿ.

"ಬೇಡ ಅನ್ನು," ಎಂದಳು ಬೇಕರಿಯಾಕೆ, ಫೋನಿನೊಳಗಿನ ದನಿ ಕೇಳಿಸಿಕೊಂಡು. "ಓದಿಲ್ದೇ ಇದ್ರೆ ಇವತ್ಯಾಕೆ ತೆಗೆದ್ರು ಅಂತ ಹುಡುಕ್ತಾನೆ. ಓದಿದ್ರೆ ತೆಗೆದು ಏನು ಪ್ರಯೋಜನ?"

"ಸೂಜಿ, ನಾನೇ ಆ ಹಾಳು ಪಟ್ಟಿ..." ಎಂದ ಭಾವ.

"ಬಿಡಿ ಭಾವ. ಒತ್ತಿದ್ದು ನಾನು."

ಐದೂವರೆಗೆ ಸೂಜಿಯ ಫೋನಿನಲ್ಲಿ ಮತ್ತೊಂದು ಸಂದೇಶ ಬಂತು. ಎಲ್ಲರೂ ಹರಟುವ ದೊಡ್ಡ ಚಾನೆಲ್ಲಿನಲ್ಲಿ, ಚಿನ್ನದ ಬಣ್ಣದ ಹೆಸರಿನಿಂದ. ಅವಳನ್ನೇ ಹೆಸರಿಸಿ ಬರೆದಿದ್ದ.

"ಸೂಜಿ ಅಕ್ಕ, ಚಾನೆಲ್ಲೆಲ್ಲ ಚೆನ್ನಾಗಿ ಜೋಡಿಸಿದ್ದೀರಿ. ಈಗ ಹುಡುಕೋದು ಸುಲಭ ಆಯ್ತು. ಥ್ಯಾಂಕ್ಸ್."

ಅವನ ಹಿಂದೆಯೇ ಇನ್ನೂ ಆರೇಳು ಜನ ಹಾಗೇ ಹೊಗಳಿದ್ದರು. ನರ್ಸ್ ಒಬ್ಬಳು ಹೂವಿನ ಚಿತ್ರ ಹಾಕಿದ್ದಳು. ಎಲ್ಲರ ಮಾತೂ ಒಂದೇ ಥರ ಇತ್ತು. ಪೇಂಟರ್ ಯಾವಾಗಲೂ ಹೀಗೆ ಮೊದಲು ಥ್ಯಾಂಕ್ಸ್ ಹೇಳುವವನೇ. ಸೂಜಿ ಅದನ್ನು ನಾಲ್ಕು ಸಲ ಓದಿದಳು. ನಾಲ್ಕು ಸಲವೂ ಅದು ಬರೀ ಥ್ಯಾಂಕ್ಸ್ ಆಗಿತ್ತು, ನಾಲ್ಕು ಸಲವೂ ಅವಳ ಕಣ್ಣು 'ಹುಡುಕೋದು' ಎಂಬಲ್ಲೇ ನಿಂತಿತು. ಬೇಕರಿಯಾಕೆ ಫೋನ್ ಇಸಿದುಕೊಂಡು ಒಂದೇ ಸಲ ಓದಿದಳು. ಓದಿ ಎದ್ದು ಮಂಚದ ಕೆಳಗಿನಿಂದ ಚೀಲ ಎಳೆದಳು.

"ಅಕ್ಕ, ಅವನಿಗೆ ಗೊತ್ತಿಲ್ದೇನೂ ಇರಬಹುದು," ಎಂದಳು ಸೂಜಿ.

"ಇರಬಹುದು. ಆ 'ಇರಬಹುದು' ಇಟ್ಕೊಂಡು ಬೆಳಗಿನ ಐದಕ್ಕೆ ಆ ಹಿಂದಿನ ಗೇಟಿಗೆ ನಾನು ಹೋಗ್ಲಾ? ನೀನೇ ಹೇಳು."

ಇಬ್ಬರೂ ಸೇರಿ ಬಟ್ಟೆ ಮಡಿಸಿದರು. ಎರಡು ಚೀಲಕ್ಕೆ ಇಡೀ ಬದುಕು ಹಿಡಿಸಿತು. ಬೇಕರಿಯ ಮಾಲೀಕನಿಗೆ ನಾಳೆಯಿಂದ ಬರುವುದಿಲ್ಲ ಎಂದು ಅವಳು ಫೋನ್ ಮಾಡಿದಾಗ ಆ ಕಡೆಯಿಂದ ಏನೇನೋ ಬೈಗುಳ ಕೇಳಿಸಿತು. ಬೇಕರಿಯಾಕೆ ಅದನ್ನೆಲ್ಲ ಸುಮ್ಮನೆ ಕೇಳಿಸಿಕೊಂಡು, "ತಪ್ಪಾಯ್ತು ಸಾರ್" ಎಂದು ಇಟ್ಟಳು. ಎರಡೇ ದಿನದ ಕೆಲಸ. ತಪ್ಪು ಯಾರದೋ, ಕ್ಷಮೆ ಕೇಳಿದವಳು ಇವಳು. ಸೂಜಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು. ಪರದೆಯನ್ನು ಬಿಚ್ಚಲು ಹೋದಾಗ ಬೇಕರಿಯಾಕೆ ತಡೆದಳು. ಕಿಟಕಿಯಲ್ಲಿ ಪರದೆ ಇದ್ದರೆ ಒಳಗೆ ಜನ ಇದ್ದಾರೆಂದು ಎರಡು ದಿನವಾದರೂ ಅನಿಸುತ್ತದಲ್ಲ.

ಬಸ್ ನಿಲ್ದಾಣದಲ್ಲಿ ಜನ ಕಡಿಮೆ ಇದ್ದರು. ಸೂಜಿ ಪ್ರತಿ ಗಂಡಸಿನ ಮುಖವನ್ನೂ ನೋಡುತ್ತಿದ್ದಳು. ಚಿತ್ರದಲ್ಲಷ್ಟೇ ಕಂಡ ಪೇಂಟರ್, ಎದುರಿಗೆ ಬಂದರೆ ಗುರುತು ಸಿಗುತ್ತಾನೋ ಇಲ್ಲವೋ ಎಂಬುದೂ ಅವಳಿಗೆ ಗೊತ್ತಿರಲಿಲ್ಲ.

ಬೇಕರಿಯಾಕೆ ತನ್ನ ಫೋನನ್ನು ಅವಳ ಕೈಗಿಟ್ಟಳು. "ನನ್ನನ್ನ ಆ ಸರ್ವರಿಂದ ತೆಗಿ. ಎಲ್ಲಿ ಒತ್ತಬೇಕೋ ನನಗೆ ಗೊತ್ತಿಲ್ಲ."

"ಅಕ್ಕ, ಚಾನೆಲ್ ಈಗ ಭದ್ರವಾಗಿದೆ. ಹೊಸದು ಬೇಕಾದ್ರೂ ಮಾಡ್ತೀನಿ. ಮೂರು ಮೂರು ಸಲ ನೋಡ್ತೀನಿ. ಹೊಸ ಊರಲ್ಲಿ ಏನಾದ್ರೂ ಬೇಕಾದ್ರೆ..."

"ತೆಗಿ ಕಣೇ."

ಸೂಜಿ ಒತ್ತಿದಳು. ನಿಜವಾಗಿಯೂ ಹೊರಗೆ ಹೋಗುತ್ತೀರಾ, ಮತ್ತೆ ಬರಬೇಕಾದರೆ ಆಹ್ವಾನ ಬೇಕಾಗುತ್ತದೆ ಎಂದು ಆ್ಯಪ್ ಕೇಳಿತು. ಮಧ್ಯಾಹ್ನ ಹೊಂದಿಸಲೇ ಎಂದು ಕೇಳಿದಾಗ ಓದದೆ ಒತ್ತಿದವಳು ಈಗ ಪ್ರತಿ ಅಕ್ಷರ ಓದಿ ಒತ್ತಿದಳು. ಹಕ್ಕಿಯ ಚಿತ್ರ ಹೋಯಿತು. ಅಡುಗೆಮನೆಯಲ್ಲಿ ಈಗ ಹದಿಮೂರು ಜನ.

"ಎಲ್ಲಿಗೆ ಹೋಗ್ತೀಯಕ್ಕ?" ಕೇಳಬಾರದೆಂದುಕೊಂಡರೂ ಬಾಯಿಗೆ ಬಂದುಬಿಟ್ಟಿತು.

ಬೇಕರಿಯಾಕೆ ಅವಳ ಕೆನ್ನೆ ಸವರಿದಳು, ಸರಿಯಿದ್ದ ಕೈಯಿಂದ. ಸಿಟ್ಟಿನ ಸುಳಿವೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಸೂಜಿ ತಡೆದುಕೊಳ್ಳುತ್ತಿದ್ದಳು.

"ನಿನಗೂ ಹೇಳಲ್ಲ ಪುಟ್ಟಿ," ಎಂದಳು. "ನೀನು ಒಳ್ಳೆಯವಳು ಅಂತ ಗೊತ್ತು. ಆದ್ರೂ ಹೇಳಲ್ಲ."

ಬಸ್ಸು ಬಂತು. ಬೇಕರಿಯಾಕೆ ಎರಡು ಚೀಲವನ್ನೂ ಒಂದೇ ಕೈಯಲ್ಲಿ ಹಿಡಿದು ಹತ್ತಿದಳು, ಸಹಾಯಕ್ಕೆ ಬಂದ ಸೂಜಿಯನ್ನು ಕಣ್ಣಿನಲ್ಲೇ ತಡೆದಳು. ಬಸ್ಸಿನ ನೆತ್ತಿಯ ಮೇಲೆ ಊರಿನ ಹೆಸರು ದೀಪದ ಅಕ್ಷರಗಳಲ್ಲಿ ಓಡುತ್ತಿತ್ತು. ಸೂಜಿ ತಲೆ ತಗ್ಗಿಸಿ ತನ್ನ ಚಪ್ಪಲಿಯನ್ನೇ ನೋಡುತ್ತಾ ನಿಂತಳು. ಬಸ್ಸು ತಿರುವು ದಾಟಿ, ಸದ್ದು ಪೂರ್ತಿ ಅಡಗುವವರೆಗೂ ತಲೆ ಎತ್ತಲಿಲ್ಲ. ಅವಳು ಆ ಹೆಸರನ್ನು ಓದಲಿಲ್ಲ. ಓದಲಿಲ್ಲವೆಂದು ಬೇಕರಿಯಾಕೆಗೆ ತಿಳಿಸುವ ದಾರಿ ಮಾತ್ರ ಒಂದೂ ಇರಲಿಲ್ಲ.